ತೆಳು ಚರ್ಮದ ಹಿರಿಯರಿಗೆ ಬಟ್ಟೆ ಹೊಲಿಸುವಾಗ

ವಯಸ್ಸಾದವರ ಮುಂಗೈ ಚರ್ಮ ತುಂಬಾ ತೆಳು. ಬಿಗಿ ತೋಳು ಎಳೆದರೂ ಸಾಕು, ಸಿಪ್ಪೆಯಂತೆ ಸುಲಿದು ಬರುತ್ತದೆ. ನಮ್ಮತ್ತೆಗೆ ಈಗ ಇಲ್ಲೇ ದಾವಣಗೆರೆಯ ಟೈಲರ್ ಹತ್ತಿರ ಮುಂದೆ ಪೂರ್ತಿ ತೆರೆಯುವ, ತುಂಬುತೋಳಿನ ಸಡಿಲ ನೈಟಿ ಹೊಲಿಸುತ್ತೇವೆ. ಬಟ್ಟೆ ಮಲ್ ಕಾಟನ್. ಹೊಸದನ್ನು ಎರಡು ಮೂರು ಸಲ ಒಗೆದರೆ ಗಂಜಿ ಬಿಟ್ಟು ಮೆತ್ತಗಾಗುತ್ತದೆ.

ಓವರ್‌ಲಾಕ್ ಹೊಲಿಗೆಯ ದಪ್ಪ ಅಂಚು ಕಂಕುಳಲ್ಲಿ ಉಜ್ಜುತ್ತದೆ. ಅದಕ್ಕೇ ಒಳಗೆ ತೊಡುವ ಬನಿಯನ್ ಅನ್ನು ತಿರುಗಿಸಿ ಹಾಕಿ, ಹೊಲಿಗೆ ಹೊರಗೆ ಬರಲಿ. ಯಾರು ನೋಡ್ತಾರೆ, ಅಲ್ವಾ? ಕುತ್ತಿಗೆಯ ಲೇಬಲ್ ಬಿಚ್ಚಿಬಿಡಿ. ಬಟ್ಟೆ ತೆಗೆದ ಅರ್ಧ ಗಂಟೆ ಮೇಲೂ ಕೆಂಪು ಗೆರೆ ಉಳಿದಿದ್ದರೆ ಅಲ್ಲಿ ಒತ್ತುತ್ತಿದೆ ಎಂದರ್ಥ.

ಡಿಸೆಂಬರ್ ಚಳಿಗೆ ಸ್ವೆಟರ್ ನೇರ ಮೈಗೆ ಬೇಡ, ಉಣ್ಣೆ ಚುಚ್ಚಿ ಕೆರೆತ ಜಾಸ್ತಿ. ಎರಡು ತೆಳು ಕಾಟನ್ ಪದರ, ಅದರ ಮೇಲೆ ಮುಂದೆ ಗುಂಡಿಯಿರುವ ಸ್ವೆಟರ್ ಹಾಕಿ. ಪದರಗಳ ನಡುವಿನ ಗಾಳಿಯೇ ಬೆಚ್ಚಗಿಡುತ್ತದೆ.

ತೊಡಿಸುವಾಗ ನೋವಿರುವ ಕೈ ಮೊದಲು, ತೆಗೆಯುವಾಗ ಅದೇ ಕೊನೆಗೆ. ತೋಳನ್ನು ಸುರುಳಿ ಮಾಡಿಕೊಂಡು ನಿಮ್ಮ ಕೈ ಒಳಗೆ ತೂರಿಸಿ, ಅವರ ಅಂಗೈ ಹಿಡಿದು ಬಟ್ಟೆಯನ್ನು ಮೇಲಕ್ಕೆ ಸರಿಸಿ. ನಿಮ್ಮ ಬಳೆ, ಉಂಗುರ ಮೊದಲೇ ತೆಗೆದಿಡಿ. ಚರ್ಮ ಕಿತ್ತರೆ ಅಂಟುಪಟ್ಟಿ ಹಚ್ಚಬೇಡಿ, ಡಾಕ್ಟರಿಗೆ ತೋರಿಸಿ.