ಅಂಗೈಯಲ್ಲಿ ಲಿಂಗ, ಎದುರಿಗೆ ಮೊಬೈಲ್: ನನ್ನ ಪಿಎಚ್‌ಡಿ ಪ್ರಸ್ತಾವನೆ ರೂಪುಗೊಂಡ ಬಗೆ

ಧಾರವಾಡದಲ್ಲಿ ನಾನು ಮೊದಲು ಸಲ್ಲಿಸಿದ ಪ್ರಸ್ತಾವನೆಯ ಶೀರ್ಷಿಕೆ ‘ಉತ್ತರ ಕರ್ನಾಟಕದಲ್ಲಿ ಧರ್ಮ ಮತ್ತು ಡಿಜಿಟಲ್ ಮಾಧ್ಯಮ: ಒಂದು ಅಧ್ಯಯನ’ ಎಂದಿತ್ತು. ಮಠ, ಮಸೀದಿ, ಚರ್ಚು, ವಾಟ್ಸ್ಆ್ಯಪ್ ಸುಪ್ರಭಾತ, ಜಾತ್ರೆಯ ಡ್ರೋನ್ ಚಿತ್ರೀಕರಣ ಎಲ್ಲವೂ ಅದರಲ್ಲಿದ್ದವು, ಪ್ರಶ್ನೆಯೊಂದನ್ನು ಬಿಟ್ಟು. ಸಮಿತಿಯ ಹಿರಿಯರೊಬ್ಬರು ಹಾಳೆ ಮಗುಚಿ, “ಇದು ಮೂರು ಜನರ ಜೀವಮಾನದ ಕೆಲಸ. ನೀವು ಇದರಲ್ಲಿ ಯಾವುದನ್ನು ಕಣ್ಣಾರೆ ನೋಡಿದ್ದೀರಿ?” ಎಂದು ಕೇಳಿದರು. ನಾನು ನೋಡಿದ್ದು ಒಂದೇ ಒಂದು. ಗದಗ ಜಿಲ್ಲೆಯ ಒಂದು ಮಠದಲ್ಲಿ ಶ್ರಾವಣ ಮಾಸವಿಡೀ ಬೆಳಿಗ್ಗೆ ಸಾಮೂಹಿಕ ಇಷ್ಟಲಿಂಗ ಪೂಜೆ, ಸಂಜೆ ಪ್ರವಚನ ನಡೆಯುತ್ತದೆ. ಎರಡೂ ಯೂಟ್ಯೂಬ್‌ನಲ್ಲಿ ನೇರಪ್ರಸಾರವಾಗುತ್ತವೆ. ನಾನು ನೋಡಿದ್ದು ಅದನ್ನು.

ಆ ಶ್ರಾವಣದಲ್ಲಿ ನಾನು ಮಾಡಿದ್ದು ಕೋಣೆಯಲ್ಲಿ ಕುಳಿತು ನೇರಪ್ರಸಾರ ನೋಡುವ ಕೆಲಸ. ಹದಿನೈದು ನಿಮಿಷಕ್ಕೊಮ್ಮೆ ವೀಕ್ಷಕರ ಸಂಖ್ಯೆ ಬರೆದುಕೊಂಡೆ, ಪಕ್ಕದಲ್ಲಿ ಓಡುವ ಚಾಟ್ ಓದಿದೆ. ಎಷ್ಟು ಜನ ನೋಡುತ್ತಿದ್ದಾರೆಂಬ ಸಂಖ್ಯೆ ಪ್ರಸಾರ ನಡೆಯುತ್ತಿರುವಾಗ ಮಾತ್ರ ನಮ್ಮಂಥವರಿಗೆ ಕಾಣುತ್ತದೆ. ಮುಗಿದ ಮೇಲೆ ಉಳಿಯುವುದು ಒಟ್ಟು ವೀಕ್ಷಣೆ. ಅದರಲ್ಲಿ ಮರುದಿನ ಮಧ್ಯಾಹ್ನ ಅಡುಗೆ ಮಾಡುತ್ತಾ ಕೇಳಿದವರೂ ಸೇರಿಕೊಳ್ಳುತ್ತಾರೆ. ಹಾಗಾಗಿ ‘ನಂತರ ದತ್ತಾಂಶ ಸಂಗ್ರಹಿಸಲಾಗುವುದು’ ಎಂದು ಬರೆದುಕೊಂಡರೆ ಮೋಸಹೋಗುತ್ತೀರಿ. ಚಾಟ್‌ನಲ್ಲಿ ಬರುತ್ತಿದ್ದುದರಲ್ಲಿ ಬಹುಪಾಲು ‘ಶರಣು ಶರಣಾರ್ಥಿ, ನರಗುಂದದಿಂದ’, ‘ಶರಣು, ರೋಣ’ ಎಂಬ ಮಾದರಿಯವು. ಇದನ್ನು ನಾನು ‘ಪ್ರತಿಕ್ರಿಯೆ’ ಎಂಬ ಕಾಲಂಗೆ ಹಾಕಿದ್ದೆ. ಅದು ಪ್ರತಿಕ್ರಿಯೆಯಲ್ಲ, ಹಾಜರಿ. ಮಠದ ಅಂಗಳಕ್ಕೆ ಬಂದವರು ಪೂಜ್ಯರಿಗೆ ನಮಸ್ಕರಿಸಿ, “ನಾವು ಇಂಥ ಊರಿನವರು” ಎಂದು ಹೇಳಿ ಕೂರುತ್ತಾರಲ್ಲ, ಅದೇ.

ನಿಜವಾದ ತಿರುವು ಸಿಕ್ಕಿದ್ದು ಒಂದು ಮನೆಯಲ್ಲಿ. ಪರಿಚಯದವರ ಮನೆಯ ಅಜ್ಜಿ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಧರಿಸಿ, ಮೊಬೈಲನ್ನು ಅಕ್ಕಿ ಅಳೆಯುವ ಸೇರಿಗೆ ಒರಗಿಸಿ ಕುಳಿತರು. ಶ್ರೀಗಳು ಪೂಜಾವಿಧಿಯನ್ನು ಹೇಳಿಕೊಡುತ್ತಿದ್ದರು. ಅಜ್ಜಿಯ ಎಡಗೈಯಲ್ಲಿ ಅವರದೇ ಇಷ್ಟಲಿಂಗ. ಇಪ್ಪತ್ತು ನಿಮಿಷದಲ್ಲಿ ಅವರು ಪರದೆಯನ್ನು ನೋಡಿದ್ದು ಎರಡೇ ಸಲ. ದೃಷ್ಟಿಯೆಲ್ಲ ಅಂಗೈಯ ಮೇಲೆ, ಕಿವಿ ಮಾತ್ರ ಮೊಬೈಲ್ ಕಡೆಗೆ. ಮೊಬೈಲ್ ಸೊಸೆಯದು, ಖಾತೆಯೂ ಸೊಸೆಯ ಹೆಸರಿನದು, ‘ಶರಣು’ ಎಂದು ಬರೆದು ಕಳಿಸಿದವನು ಮೊಮ್ಮಗ. ನನ್ನ ಪಟ್ಟಿಯಲ್ಲಿ ಈ ಮೂವರೂ ಸೇರಿ ಒಬ್ಬ ‘ವೀಕ್ಷಕ’.

ಎರಡನೆಯ ಪ್ರಸ್ತಾವನೆಯನ್ನು ಈ ದೃಶ್ಯದಿಂದಲೇ ಆರಂಭಿಸಿದೆ. ಸಮಸ್ಯೆಯ ನಿರೂಪಣೆ ಒಂದೇ ಪುಟ: ಅಜ್ಜಿ ನೋಡುತ್ತಿಲ್ಲ, ಆದರೆ ಭಾಗವಹಿಸುತ್ತಿದ್ದಾರೆ. ಹಾಗಾದರೆ ನೇರಪ್ರಸಾರದ ಪೂಜೆಯಲ್ಲಿ ‘ಭಾಗವಹಿಸುವುದು’ ಎಂದರೇನು? ಮುಂದಿನ ಪ್ರತಿ ಭಾಗವೂ ಈ ಪ್ರಶ್ನೆಗೆ ಉತ್ತರ ಕೊಡಬೇಕು, ಇಲ್ಲದಿದ್ದರೆ ಬೇಡ ಎಂದು ನಿರ್ಧರಿಸಿದೆ. ಮಸೀದಿ, ಚರ್ಚುಗಳು ಹೋದವು. ವಾಟ್ಸ್ಆ್ಯಪ್ ಸುಪ್ರಭಾತವೂ ಹೋಯಿತು. ಅದಕ್ಕೆ ಸ್ವಲ್ಪ ಬೇಸರವಾಯಿತು, ಒಳ್ಳೆಯ ಚಿತ್ರಗಳಿದ್ದವು.

ಪೂರ್ವಾಧ್ಯಯನಗಳ ಭಾಗವನ್ನು ಮೊದಲು ಇಸವಿಯ ಕ್ರಮದಲ್ಲಿ ಬರೆದಿದ್ದೆ, ಯಾರು ಯಾವಾಗ ಏನು ಹೇಳಿದರು ಎಂದು. ಈಗ ಜಗಳದ ಕ್ರಮದಲ್ಲಿ ಬರೆದೆ. 2000ದಲ್ಲಿ ಕ್ರಿಸ್ಟೋಫರ್ ಹೆಲೆಂಡ್ ಒಂದು ವಿಂಗಡಣೆ ಮುಂದಿಟ್ಟರು. ಸಂಸ್ಥೆ ಮೇಲಿನಿಂದ ಮಾಹಿತಿ ಕೊಡುವುದು ಒಂದು ಬಗೆ, ಜನ ಜಾಲದಲ್ಲಿಯೇ ಆಚರಣೆಯಲ್ಲಿ ತೊಡಗುವುದು ಇನ್ನೊಂದು ಬಗೆ. ಸಂಜೆಯ ಪ್ರವಚನ ಮೊದಲನೆಯದಕ್ಕೆ ಸರಿಯಾಗಿ ಹೊಂದುತ್ತದೆ. ಬೆಳಗಿನ ಪೂಜೆ ಎರಡಕ್ಕೂ ಹೊಂದುವುದಿಲ್ಲ: ಆಚರಣೆ ನಡೆಯುತ್ತಿದೆ, ಆದರೆ ಜಾಲದಲ್ಲಲ್ಲ, ಅಂಗೈಯಲ್ಲಿ. ಇನ್ನು ಡಯಾನಾ ಎಕ್ ಅವರ 1981ರ ‘ದರ್ಶನ’ ಕೃತಿಯಿಂದ ಹೊರಟು, ದೇವರನ್ನು ನೋಡುವುದೇ ಪೂಜೆಯ ತಿರುಳು, ಪರದೆಯ ಮೂಲಕವೂ ಅದು ಸಾಧ್ಯವೇ ಎಂದು ಕೇಳುವ ಚರ್ಚೆಯಿದೆ. ಹುಬ್ಬಳ್ಳಿಯ ಸಿದ್ಧಾರೂಢ ಮಠದ ರಥೋತ್ಸವವನ್ನು ಮೊಬೈಲ್‌ನಲ್ಲಿ ನೋಡಿ ಕೈ ಮುಗಿಯುವವರಿಗೆ ಆ ಪ್ರಶ್ನೆ ಒಪ್ಪುತ್ತದೆ. ಇಷ್ಟಲಿಂಗದ ವಿಷಯದಲ್ಲಿ ನೋಡಬೇಕಾದದ್ದು ಪರದೆಯಾಚೆ ಇಲ್ಲವೇ ಇಲ್ಲ. ಹೀಗೆ ರಥೋತ್ಸವ ನನ್ನ ಹೋಲಿಕೆಯ ಪ್ರಕರಣವಾಯಿತು. ಬೇರೆಲ್ಲ ಕಿತ್ತು ಹಾಕಿ ಇದೊಂದನ್ನು ಸೇರಿಸಿದೆ.

ವಿಶ್ಲೇಷಣೆಯ ಚೌಕಟ್ಟಿಗೆ ಅಷ್ಟಾವರಣವನ್ನು ತೆಗೆದುಕೊಂಡೆ: ಗುರು, ಲಿಂಗ, ಜಂಗಮ, ಪಾದೋದಕ, ಪ್ರಸಾದ, ವಿಭೂತಿ, ರುದ್ರಾಕ್ಷಿ, ಮಂತ್ರ. ಇವುಗಳಲ್ಲಿ ಪರದೆ ದಾಟಿ ಬರುವುದು ಯಾವುದು? ಮಂತ್ರ ದಾಟುತ್ತದೆ. ಲಿಂಗ, ವಿಭೂತಿ, ರುದ್ರಾಕ್ಷಿ ದಾಟಬೇಕಿಲ್ಲ, ಮನೆಯಲ್ಲೇ ಇವೆ. ಪಾದೋದಕ, ಪ್ರಸಾದ ದಾಟಲಾರವು. ಗುರು ಮತ್ತು ಜಂಗಮ? ಇಲ್ಲಿಯೇ ಸಂಶೋಧನೆ ಇರುವುದು. ಆರಂಭದಲ್ಲಿ ಎಂಟಕ್ಕೂ ಒಂದೊಂದು ಅಧ್ಯಾಯ ಮಾಡಿದ್ದೆ. ಮಾರ್ಗದರ್ಶಕರಾದ ಮೇಡಂ ಹೊಡೆದು ಹಾಕಿದರು. “ಇದು ಭಕ್ತರ ವಿಂಗಡಣೆ. ನೀವು ಇದರಿಂದ ಪ್ರಶ್ನೆ ಕೇಳಬೇಕು, ಇದನ್ನೇ ಉತ್ತರ ಮಾಡಬಾರದು” ಎಂದರು. ಕೊನೆಗೆ ಮೂರು ಅಧ್ಯಾಯಗಳಾದವು: ದಾಟುವುದು, ಮನೆಯಲ್ಲೇ ಇರುವುದು, ದಾಟದೆ ಉಳಿಯುವುದು. ಮೂರನೆಯದರಲ್ಲಿ ದಾಸೋಹಕ್ಕೆ ಬರುವವರ ಸಂದರ್ಶನಗಳಿರುತ್ತವೆ. ಮನೆಯಲ್ಲಿ ಪ್ರಸಾರ ನೋಡಿಯೂ ಪ್ರಸಾದಕ್ಕೆಂದು ಮಠಕ್ಕೆ ಬರುವವರು ಯಾರು ಎಂಬುದು ನನಗೆ ಬೇಕಾದ ಸಂಗತಿ.

ನೀತಿಯ ಭಾಗದಲ್ಲಿ ಶ್ರೀಗಳ ಅನುಮತಿ ಪತ್ರ ಲಗತ್ತಿಸಿ ಮುಗಿಯಿತೆಂದುಕೊಂಡಿದ್ದೆ. ಮಠ ಒಪ್ಪಿದರೆ ಚಾಟ್‌ನಲ್ಲಿ ಬರೆದವರು ಒಪ್ಪಿದಂತಾಗುವುದಿಲ್ಲ. ಅದು ಎಲ್ಲರಿಗೂ ಕಾಣುವ ಬರಹವೇ. ಆದರೆ ಮಗಳ ಮದುವೆ, ಗಂಡನ ಕಾಯಿಲೆ ಎಂದು ಶ್ರೀಗಳಿಗೆ ಬೇಡಿಕೊಂಡದ್ದನ್ನು ಹೆಸರು ತೆಗೆದು ಅಚ್ಚು ಹಾಕಿದರೂ ಊರು, ವಾಕ್ಯ ಸೇರಿ ಗುರುತು ಸಿಕ್ಕಿಬಿಡುತ್ತದೆ. ಹಾಗಾಗಿ ಬೇಡಿಕೆಗಳನ್ನು ಉಲ್ಲೇಖಿಸುವುದಿಲ್ಲ, ನನ್ನ ಮಾತಿನಲ್ಲಿ ಸಾರ ಹೇಳುತ್ತೇನೆ ಎಂದು ಬರೆದುಕೊಟ್ಟೆ.

ವೇಳಾಪಟ್ಟಿಯಲ್ಲಿ ಒಂದು ಎಡವಟ್ಟಾಗಿತ್ತು. 2022ರ ಯುಜಿಸಿ ನಿಯಮಗಳಂತೆ ಪಿಎಚ್‌ಡಿಗೆ ಕನಿಷ್ಠ ಮೂರು ವರ್ಷ, ಕೋರ್ಸ್‌ವರ್ಕ್ ಸೇರಿಸಿ. ಅಷ್ಟರಲ್ಲೇ ಮುಗಿಸಬೇಕೆಂದರೆ ಕ್ಷೇತ್ರಕಾರ್ಯಕ್ಕೆ ಸಿಗುವುದು ಹೆಚ್ಚೆಂದರೆ ಎರಡು ಶ್ರಾವಣ. ಕರಡಿನಲ್ಲಿ ನಾನು 2023ಕ್ಕೆ ‘ಜುಲೈ ಕೊನೆಯ ವಾರದಿಂದ’ ಎಂದು ಬರೆದಿದ್ದೆ, ಆ ವರ್ಷ ಅಧಿಕ ಶ್ರಾವಣವಿತ್ತು. ನಿಜ ಶ್ರಾವಣ ಆರಂಭವಾದದ್ದು ಆಗಸ್ಟ್ 17ಕ್ಕೆ. ಈಗ ಪಂಚಾಂಗ ಪಕ್ಕದಲ್ಲಿಟ್ಟುಕೊಂಡೇ ವೇಳಾಪಟ್ಟಿ ಬರೆಯುತ್ತೇನೆ.

ಎರಡನೆಯ ಸಲ ಸಮಿತಿಯಲ್ಲಿ ಅದೇ ಹಿರಿಯರು ಒಂದೇ ಪ್ರಶ್ನೆ ಕೇಳಿದರು: “ಪೂಜೆಯ ನಡುವೆ ನೆಟ್‌ವರ್ಕ್ ಹೋದರೆ ಅಜ್ಜಿ ಏನು ಮಾಡುತ್ತಾರೆ?” ಅದು ನಡೆದಿತ್ತು, ನಾನು ಟಿಪ್ಪಣಿಯಲ್ಲಿ ‘ಅಡಚಣೆ, ನಾಲ್ಕು ನಿಮಿಷ’ ಎಂದಷ್ಟೇ ಬರೆದು ಬಿಟ್ಟಿದ್ದೆ. ಪರದೆ ನಿಂತುಹೋದಾಗ ಅಜ್ಜಿ ತಲೆ ಎತ್ತಲೇ ಇಲ್ಲ, ತಾವೇ ಮಂತ್ರ ಮುಂದುವರಿಸಿದ್ದರು. ರಥೋತ್ಸವ ನೋಡುತ್ತಿದ್ದ ಇನ್ನೊಂದು ಮನೆಯಲ್ಲಿ ಹೀಗೇ ಆದಾಗ ಎಲ್ಲರೂ ಎದ್ದು, ಮೊಬೈಲ್ ಹಿಡಿದುಕೊಂಡು ಅಂಗಳಕ್ಕೆ ಓಡಿದ್ದರು. ವಿಧಾನದ ಭಾಗಕ್ಕೆ ಅವರು ಒಂದು ಸಾಲು ಸೇರಿಸಲು ಹೇಳಿದರು: ಪ್ರತಿ ಮನೆಯ ವೀಕ್ಷಣೆಯಲ್ಲೂ ಪ್ರಸಾರ ಕಡಿದ ಸಮಯ, ಆಗ ಯಾರ ಕೈ, ಯಾರ ಕಣ್ಣು ಎಲ್ಲಿತ್ತು ಎಂಬುದನ್ನು ದಾಖಲಿಸಬೇಕು. ಪ್ರಸ್ತಾವನೆ ಅಂಗೀಕಾರವಾದದ್ದು ಆ ಸಾಲು ಸೇರಿಸಿದ ಮೇಲೆ.