ರೌಂಡ್ ಹಾಕಿದ್ದು ಒಂದು, ಲೆಕ್ಕ ಹೇಳೋದು ಇನ್ನೊಂದು: ಅಂಕ ಹೇಗೆ ಕೊಡಬೇಕು?

ಉತ್ತರ ಪತ್ರಿಕೆ ತಿದ್ದುವಾಗ ಕೆಲವೊಮ್ಮೆ ವಿದ್ಯಾರ್ಥಿ ಕೊನೆಯ ಉತ್ತರ ಅಂತ ರೌಂಡ್ ಹಾಕಿದ ಸಂಖ್ಯೆ ಒಂದು, ಅವನ ಲೆಕ್ಕದಲ್ಲಿ ಬಂದ ಸಂಖ್ಯೆ ಇನ್ನೊಂದು ಆಗಿರುತ್ತದೆ. ಒಂದು ಪ್ರಶ್ನೆ ಇಟ್ಟುಕೊಂಡು ನೋಡೋಣ. ಆಯತದ ಉದ್ದ ಅದರ ಅಗಲಕ್ಕಿಂತ 4 ಸೆಂ.ಮೀ. ಜಾಸ್ತಿ, ವಿಸ್ತೀರ್ಣ 60 ಚದರ ಸೆಂ.ಮೀ. ಹಾಗಾದರೆ ಉದ್ದ ಎಷ್ಟು? ಒಟ್ಟು 4 ಅಂಕ. ಸಮೀಕರಣ ಬರೆದರೆ 1, ಅಪವರ್ತಿಸಿದರೆ 1, ಋಣ ಬೆಲೆಯನ್ನು ಕೈಬಿಟ್ಟರೆ 1, ಉದ್ದ ಹೇಳಿದರೆ 1. ಸರಿ ಉತ್ತರ 10.

ಮೊದಲು ರೌಂಡನ್ನು ಮುಚ್ಚಿಕೊಳ್ಳಿ

ನಿಜವಾಗಿಯೂ ಕೈ ಅಡ್ಡ ಇಡಿ. ಉತ್ತರ ಕಣ್ಣಿಗೆ ಬಿದ್ದರೆ ಮುಗಿಯಿತು, ಅದು ಸರಿ ಇದ್ದರೆ ಮೇಲಿನ ತಪ್ಪು ಕಾಣುವುದಿಲ್ಲ, ತಪ್ಪಿದ್ದರೆ ಮೇಲಿನ ಸರಿಯೂ ಕಾಣುವುದಿಲ್ಲ. ಮೇಲಿಂದ ಒಂದೊಂದೇ ಸಾಲು ಓದಿ ಸ್ಟೆಪ್ ಅಂಕ ಹಾಕುತ್ತಾ ಬನ್ನಿ. ಈ ಅಂಕಗಳು ವಿಧಾನಕ್ಕೆ ಸಿಕ್ಕಿದ್ದು, ಕೆಳಗೆ ಏನೇ ಬರೆದಿದ್ದರೂ ಅವನ್ನು ವಾಪಸ್ ಕಿತ್ತುಕೊಳ್ಳುವ ಹಾಗಿಲ್ಲ. ಜಗಳ ಇರುವುದು ಕೊನೆಯ 1 ಅಂಕಕ್ಕೆ ಮಾತ್ರ.

ಎಲ್ಲಿ ದಾರಿ ಬೇರೆಯಾಯಿತು ಹುಡುಕಿ

ಮೊದಲನೇ ಪತ್ರಿಕೆಯಲ್ಲಿ x(x + 4) = 60, ಆಮೇಲೆ (x + 10)(x − 6) = 0, −10 ಬಿಟ್ಟು x = 6, ಉದ್ದ = 10. ಎಲ್ಲಾ ಸರಿ. ಆದರೆ ರೌಂಡ್ ಇರುವುದು 6ಕ್ಕೆ. ಅವಸರ ಬೇಡ, ಅದೇ ವಿದ್ಯಾರ್ಥಿಯ ಬೇರೆ ಪುಟಗಳನ್ನು ತಿರುವಿ ನೋಡಿ. ಕೆಲವರು x ಸಿಕ್ಕ ಖುಷಿಗೆ ಅಲ್ಲಲ್ಲಿ ರೌಂಡ್ ಹಾಕುತ್ತಲೇ ಹೋಗುತ್ತಾರೆ. ಹಾಗಿದ್ದರೆ ಅದು ಕೊನೆಯ ಉತ್ತರದ ಗುರುತಲ್ಲ, ಉದ್ದ = 10 ಅಂತ ಸ್ಪಷ್ಟವಾಗಿ ಬರೆದಿದ್ದಾನಲ್ವಾ, ಪೂರ್ತಿ 4 ಕೊಡಿ. ಬೇರೆ ಕಡೆಯೆಲ್ಲ ಕೊನೆಯ ಉತ್ತರಕ್ಕೇ ರೌಂಡ್ ಹಾಕಿದ್ದರೆ, ಇಲ್ಲೂ 6 ಅಂತಲೇ ಹೇಳುತ್ತಿದ್ದಾನೆ. ಕೇಳಿದ್ದು ಉದ್ದ, ಕೊಟ್ಟಿದ್ದು ಅಗಲ. 3 ಅಂಕ.

ಎರಡನೇ ಪತ್ರಿಕೆಯೇ ಮೋಸ ಮಾಡುವುದು. ಅದೇ x(x + 4) = 60 ಇದೆ, ಆದರೆ ಅಪವರ್ತಿಸುವಾಗ ಚಿಹ್ನೆ ಅದಲುಬದಲಾಗಿ (x − 10)(x + 6) = 0 ಆಗಿದೆ. −6 ಬಿಟ್ಟಿದ್ದಾನೆ, x = 10, ಉದ್ದ = 14. ರೌಂಡ್ ಮಾತ್ರ 10ಕ್ಕೆ! ಕೀ ಆನ್ಸರ್ ಜೊತೆ ಹೋಲಿಸಿದರೆ ಸರಿ ಅನ್ನಿಸುತ್ತದೆ, ಎಷ್ಟೋ ಜನ 4 ಹಾಕಿ ಮುಂದಿನ ಪುಟಕ್ಕೆ ಹೋಗುತ್ತಾರೆ. ಆದರೆ ಇವನ ಲೆಕ್ಕದಲ್ಲಿ 10 ಅನ್ನುವುದು ಅಗಲ. ಸಮೀಕರಣಕ್ಕೆ 1, ಅಪವರ್ತನಕ್ಕೆ 0, ಋಣ ಬೆಲೆ ಬಿಟ್ಟಿದ್ದಕ್ಕೆ 1 (ಒಂದೇ ತಪ್ಪಿಗೆ ಎರಡು ಸಲ ಕತ್ತರಿಸಬಾರದು), ಕೊನೆಯದಕ್ಕೆ 0. ಒಟ್ಟು 2.

ತಮಾಷೆ ಅಂದರೆ, ಇವನು 14ಕ್ಕೆ ರೌಂಡ್ ಹಾಕಿದ್ದರೆ, ಮೊದಲಿನ ತಪ್ಪನ್ನು ಹಿಡಿದುಕೊಂಡು ಮುಂದೆ ಸರಿಯಾಗಿ ಹೋದವರಿಗೂ ಅಂಕ ಕೊಡಬಹುದು ಅನ್ನುವ ಸ್ಕೀಮಿನಲ್ಲಿ 3 ಸಿಗುತ್ತಿತ್ತು. ಕೊನೆಯ ಅಂಕ ಸರಿ ಉತ್ತರಕ್ಕೆ ಮಾತ್ರ ಅಂತ ಸ್ಕೀಮಿನಲ್ಲಿದ್ದರೆ ಆಗಲೂ 2 ಅಷ್ಟೇ.

ಇಲ್ಲೊಂದು ಎಚ್ಚರ. (x − 10)(x + 6) ಕಂಡ ಕೂಡಲೇ ತಪ್ಪು ಅಂತ ಗೆರೆ ಎಳೆಯಬೇಡಿ. x ಅಂದರೆ ಉದ್ದ ಅಂತ ಇಟ್ಟುಕೊಂಡು x(x − 4) = 60 ಬರೆದಿದ್ದರೆ ಅದೇ ಸರಿಯಾದ ಅಪವರ್ತನ, 10 ಸರಿಯಾದ ಉದ್ದ, 4ಕ್ಕೆ 4. ಮೊದಲ ಸಾಲು ಓದದೆ ತಿದ್ದಿದರೆ ಹೀಗೇ ಆಗೋದು.

ಬರೀ ಕೈತಪ್ಪೋ ಅಂತ ನೋಡಿ

ಲೆಕ್ಕದಲ್ಲಿ 10 ಇದೆ, ರೌಂಡಿನೊಳಗೆ 16 ಇದೆ, ನಡುವೆ ಒಂದು ಸಾಲೂ ಇಲ್ಲ ಅಂದುಕೊಳ್ಳಿ. ಇಳಿಸಿ ಬರೆಯುವಾಗ ತಪ್ಪಿದ್ದೋ, ಅಥವಾ 10ಕ್ಕೆ 6 ಕೂಡಿಸಿದ್ದೋ? ಪ್ರಶ್ನೆಗೆ ಮುಂದಿನ ಭಾಗ ಇದ್ದರೆ ಉತ್ತರ ಅಲ್ಲೇ ಸಿಗುತ್ತದೆ. ಸುತ್ತಳತೆಗೆ 2(10 + 6) ಬರೆದಿದ್ದರೆ ಅವನ ಮನಸ್ಸಿನಲ್ಲಿದ್ದಿದ್ದು 10, ಅದು ಕೈತಪ್ಪು. 2(16 + 6) ಬರೆದಿದ್ದರೆ 16ನ್ನೇ ನಂಬಿದ್ದಾನೆ, ಕೊನೆಯ ಅಂಕ ಹೋಯಿತು. ಕೈತಪ್ಪಾಗಿದ್ದರೂ ಅಂಕ ಕೊಡಬೇಕೋ ಬೇಡವೋ ಅನ್ನುವುದು ಸ್ಕೀಮಿಗೆ ಬಿಟ್ಟಿದ್ದು. ಸ್ಕೀಮ್ ಸುಮ್ಮನಿದ್ದರೆ ನಾನು ಕೊಡುತ್ತೇನೆ, ಆದರೆ ಹೀಗೆ ಪುರಾವೆ ಇದ್ದಾಗ ಮಾತ್ರ. ಪಾಪ ಅನ್ನಿಸಿತು ಅಂತ ಅಲ್ಲ.

ಬರೀ ಆಯ್ಕೆ ಗುರುತಿಸುವ ಪ್ರಶ್ನೆಯಲ್ಲಿ ಇಷ್ಟೆಲ್ಲ ಇಲ್ಲ. ಪಕ್ಕದ ರಫ್ ವರ್ಕ್ ಏನೇ ಹೇಳಲಿ, ಗುರುತು ಹಾಕಿದ್ದೇ ಉತ್ತರ.

ಬೇರೆ ಕಟ್ಟಿಗೆ ಹಾಕಿ

ಇಂಥ ಪತ್ರಿಕೆ ಸಿಕ್ಕಾಗ ಆ ಕ್ಷಣವೇ ತೀರ್ಮಾನ ಮಾಡಬೇಡಿ. ಸ್ಟೆಪ್ ಅಂಕ ಹಾಕಿ, ಕೊನೆಯ ಅಂಕವನ್ನು ಖಾಲಿ ಬಿಟ್ಟು ಪಕ್ಕಕ್ಕಿಡಿ, ಕೊನೆಗೆ ಎಲ್ಲವನ್ನೂ ಒಟ್ಟಿಗೆ ನೋಡಿ. ಬೆಳಿಗ್ಗೆ ಒಬ್ಬನಿಗೆ ಕೊಟ್ಟಿದ್ದನ್ನು ಸಂಜೆ ಸುಸ್ತಾದಾಗ ಇನ್ನೊಬ್ಬನಿಗೆ ಕೊಡದೇ ಇರುವುದು ಹೀಗೆ ಮಾಡಿದರೆ ತಪ್ಪುತ್ತದೆ. ಮಾರ್ಜಿನ್‌ನಲ್ಲಿ ಒಂದು ಸಾಲು ಬರೆಯಿರಿ: "ಲೆಕ್ಕ 14, ರೌಂಡ್ 10, x ಅಗಲ, ಕೊನೆಯ ಅಂಕ ಇಲ್ಲ". ಮರುಮೌಲ್ಯಮಾಪನಕ್ಕೆ ಬಂದಾಗ ಇನ್ನೊಬ್ಬರು ಕೇಳುವ ಮೊದಲ ಪ್ರಶ್ನೆಯೇ, ಸರಿ ಉತ್ತರ ಇದ್ದರೂ 2 ಯಾಕೆ ಅಂತ.