ಬಟ್ಟೆ ಬದಲಿಸಲು ಹೇಳಿದರೆ ಮುಖವೇ ಬದಲಾಯಿತೇ? ದೂರು ಬರೆಯುವುದು ಹೀಗೆ

ನನ್ನ ತಂಗಿಯ ಮಗಳು ಕೆಲಸದ ಅರ್ಜಿಗೆ ಫೋಟೊ ಸಿದ್ಧ ಮಾಡುತ್ತಿದ್ದಳು. ಹಳದಿ ಚೂಡಿದಾರದ ಬದಲು ನೀಲಿ ಬ್ಲೇಜರ್ ಬೇಕಿತ್ತು, ಅಷ್ಟೇ. ದುಡ್ಡು ಕೊಟ್ಟು ತೆಗೆದುಕೊಂಡಿದ್ದ ಆ್ಯಪ್ ಬ್ಲೇಜರನ್ನು ಚೆನ್ನಾಗಿಯೇ ತೊಡಿಸಿತು. ಆದರೆ ಎಡಗೆನ್ನೆಯ ಮಚ್ಚೆ ಮಾಯವಾಗಿತ್ತು, ಮೂಗು ಸಣ್ಣಗಾಗಿತ್ತು, ಎಣ್ಣೆಗೆಂಪು ಬಣ್ಣದ ಹುಡುಗಿ ಬೆಳ್ಳಗಾಗಿದ್ದಳು. "ದೊಡ್ಡಮ್ಮ, ಇದು ನಾನಲ್ಲ" ಎಂದು ಫೋನ್ ನನ್ನ ಕೈಗಿಟ್ಟಳು. ಕಂಪನಿಗೆ ಸಿಟ್ಟಿನಲ್ಲಿ ಎರಡು ಸಾಲು ಬರೆದಾಗ "ಬೆಳಕಿನ ವ್ಯತ್ಯಾಸ ಇರಬಹುದು" ಎಂಬ ಉತ್ತರ ಬಂತು. ಎರಡನೆಯ ಪತ್ರವನ್ನು ಇಬ್ಬರೂ ಕೂತು ಬರೆದೆವು.

ಮೊದಲು ಇದು ಏಕೆ ಆಗುತ್ತದೆ ಎಂದು ತಿಳಿದಿರಬೇಕು. ಇಂಥ ಎಐ ಸಾಧನಗಳಲ್ಲಿ ಅನೇಕವು ಬಟ್ಟೆಯ ಜಾಗಕ್ಕಷ್ಟೇ ತೇಪೆ ಹಾಕುವುದಿಲ್ಲ, ಇಡೀ ಚಿತ್ರವನ್ನೇ ಹೊಸದಾಗಿ ಬಿಡಿಸುತ್ತವೆ. ಆಗ ಮುಖವೂ ಊಹೆಯಿಂದ ಮೂಡುತ್ತದೆ, ಆ ಊಹೆ ಸಾಧನವು ಕಲಿಯುವಾಗ ಹೆಚ್ಚು ನೋಡಿದ ಮುಖಗಳ ಕಡೆಗೆ ವಾಲುತ್ತದೆ. ಮಚ್ಚೆ, ಕಲೆಗಳು ಅಳಿಸಿಹೋಗುವುದು ಇಲ್ಲೇ. ಆದ್ದರಿಂದ ಪತ್ರದಲ್ಲಿ "ಬೇಕೆಂದೇ ಮಾಡಿದ್ದೀರಿ" ಎನ್ನಬೇಡಿ, ಅದನ್ನು ಸಾಬೀತು ಮಾಡಲಾಗದು. ಕೇಳದ ಜಾಗ ಬದಲಾಗಿದೆ ಎನ್ನಿ, ಅದನ್ನು ತೋರಿಸಬಹುದು.

ತೋರಿಸುವ ಮುಂಚೆ ಆ್ಯಪಿನಲ್ಲಿ ಬ್ಯೂಟಿ ಫಿಲ್ಟರ್ ತಾನಾಗಿ ಆನ್ ಆಗಿದೆಯೇ ನೋಡಿ. ಆನ್ ಇದ್ದರೆ ಆಫ್ ಮಾಡಿ ಅದೇ ಫೋಟೊವನ್ನು ಮತ್ತೆ ಹಾಕಿ. ಇಲ್ಲದಿದ್ದರೆ ಕಂಪನಿ ಹಿಡಿಯುವ ಮೊದಲ ನೆಪ ಅದೇ ಆಗುತ್ತದೆ. ಮೂಲ ಫೋಟೊವನ್ನು ಗ್ಯಾಲರಿಯಿಂದಲೇ ತೆಗೆದುಕೊಳ್ಳಿ. ವಾಟ್ಸ್‌ಆ್ಯಪಿನಲ್ಲಿ ಫೋಟೊವಾಗಿ ಹೋಗಿಬಂದದ್ದು ಕುಗ್ಗಿರುತ್ತದೆ, ಹೋಲಿಕೆಗೆ ಬರುವುದಿಲ್ಲ.

ಈಗ ನಿಜವಾದ ಕೆಲಸ. ಕಲರ್ ಪಿಕರ್ ಇರುವ ಯಾವುದೇ ಉಚಿತ ಸಾಧನದಲ್ಲಿ ಎರಡೂ ಫೋಟೊ ತೆರೆದು, ಒಂದೇ ಜಾಗದ ಮೇಲೆ ಒತ್ತಿ ಕೆಂಪು, ಹಸಿರು, ನೀಲಿ ಅಂಕಿಗಳನ್ನು ಬರೆದುಕೊಳ್ಳಿ. ಅಂಕಿ ಹೆಚ್ಚಿದಷ್ಟೂ ಬಣ್ಣ ತಿಳಿ. ಅವಳ ಕೆನ್ನೆ ಮೂಲದಲ್ಲಿ 142, 98, 74 ಇದ್ದದ್ದು 187, 148, 124 ಆಗಿತ್ತು. ಹಿಂದಿನ ಗೋಡೆ ಮಾತ್ರ 214, 210, 203 ಇದ್ದದ್ದು 213, 210, 202. ಒಂದೆರಡು ಅಂಕಿಯ ವ್ಯತ್ಯಾಸ ಫೈಲ್ ಉಳಿಸುವಾಗ ಆಗುವಂಥದ್ದು, ಲೆಕ್ಕಕ್ಕಿಲ್ಲ. ಗೋಡೆ ಇದ್ದಂತೆಯೇ ಇದ್ದು ಚರ್ಮ ಮಾತ್ರ ಬೆಳ್ಳಗಾದರೆ ಬೆಳಕಿನ ಮಾತು ಅಲ್ಲಿಗೇ ಮುಗಿಯಿತು. ಕೆನ್ನೆ, ಹಣೆ, ಕುತ್ತಿಗೆ, ಮೂರು ಕಡೆ ಅಳೆಯಿರಿ. ಒಂದೇ ಜಾಗವನ್ನು ನೆಚ್ಚಿದರೆ ನೆರಳು ಮೋಸ ಮಾಡಬಹುದು.

ಪತ್ರ ಒಂದು ಪುಟ ದಾಟಬಾರದು. ನಾವು ಬರೆದದ್ದು ಹೆಚ್ಚುಕಡಿಮೆ ಹೀಗಿತ್ತು (ಕಂಪನಿ ಹೊರದೇಶದ್ದಾದ್ದರಿಂದ ಇಂಗ್ಲಿಷಿನಲ್ಲಿ):

"ವಿಷಯ: ಬಟ್ಟೆ ಬದಲಾವಣೆಯಲ್ಲಿ ಮುಖ ಮತ್ತು ಚರ್ಮದ ಬಣ್ಣ ಬದಲಾದ ಬಗ್ಗೆ ದೂರು.
ನಾನು ನಿಮ್ಮ ಚಂದಾದಾರಳು. ಇಂಥ ದಿನ, ಇಷ್ಟು ಗಂಟೆಗೆ, ಆ್ಯಪಿನ ಇಂಥ ಆವೃತ್ತಿಯಲ್ಲಿ ಬಟ್ಟೆಯ ಭಾಗವನ್ನಷ್ಟೇ ಗುರುತಿಸಿ 'ನೀಲಿ ಬ್ಲೇಜರ್' ಎಂದು ಕೇಳಿದೆ. ಬ್ಯೂಟಿ ಫಿಲ್ಟರ್ ಆಫ್ ಇತ್ತು. ಬಂದ ಫೋಟೊದಲ್ಲಿ ಎಡಗೆನ್ನೆಯ ಮಚ್ಚೆ ಇಲ್ಲ, ಮೂಗಿನ ಆಕಾರ ಬೇರೆಯಾಗಿದೆ, ಚರ್ಮ ತಿಳಿಯಾಗಿದೆ. ಗೋಡೆಯ ಬಣ್ಣ ಬದಲಾಗಿಲ್ಲ. ಅಳತೆ ಮತ್ತು ಎರಡೂ ಫೋಟೊ ಲಗತ್ತಿಸಿದ್ದೇನೆ. ಈ ಫೋಟೊವನ್ನು ನನ್ನ ಗುರುತಿಗಾಗಿ ಬಳಸಲಾಗದು. ಚಂದಾ ಹಣ ಮರಳಿಸಿ. ಗುರುತಿಸದ ಭಾಗವನ್ನೂ ನಿಮ್ಮ ಸಾಧನ ಹೊಸದಾಗಿ ಬಿಡಿಸುತ್ತದೆಯೇ ಎಂದು ಲಿಖಿತವಾಗಿ ತಿಳಿಸಿ. ನನ್ನ ಫೋಟೊಗಳನ್ನು ತರಬೇತಿಗೆ ಬಳಸದೆ, ದೂರು ಇತ್ಯರ್ಥವಾದ ಮೇಲೆ ಅಳಿಸಿ."

ಅಳಿಸುವ ಬೇಡಿಕೆಯಲ್ಲಿ "ಇತ್ಯರ್ಥವಾದ ಮೇಲೆ" ಎಂಬುದನ್ನು ಬಿಡಬೇಡಿ. ಮೊದಲೇ ಅಳಿಸಿಬಿಟ್ಟರೆ ಅವರ ಬಳಿ ಇರುವ ಪುರಾವೆಯೂ ಹೋಗುತ್ತದೆ.

ಪತ್ರವನ್ನು ಆ್ಯಪಿನ ಚಾಟ್ ಕಿಟಕಿಗೆ ಹಾಕದೆ, ದೂರು ಅಧಿಕಾರಿಯ ಇಮೇಲಿಗೆ ಕಳಿಸಿ. 2020ರ ಗ್ರಾಹಕ ಸಂರಕ್ಷಣೆ (ಇ-ಕಾಮರ್ಸ್) ನಿಯಮಗಳ ಪ್ರಕಾರ ಆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದೆ ಎಂದು ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಪ್ಲೇ ಸ್ಟೋರ್ ಮೂಲಕ ಹಣ ಕಟ್ಟಿ 48 ಗಂಟೆ ಆಗಿಲ್ಲದಿದ್ದರೆ ಅಲ್ಲಿಯೂ ಮರುಪಾವತಿ ಕೇಳಿ, ಇದು ಬೇಗ ಆಗುವ ದಾರಿ. ತಿಂಗಳು ಕಳೆದರೂ ಉತ್ತರ ಇಲ್ಲವೆಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವುದಾದರೆ ಎರಡು ವರ್ಷದ ಗಡುವಿದೆ. ಅಷ್ಟು ದಿನವೂ ಮೂಲ ಫೈಲು, ಹಣ ಕಟ್ಟಿದ ರಸೀದಿ, ಬಂದ ಇಮೇಲುಗಳು ಒಂದೇ ಫೋಲ್ಡರಿನಲ್ಲಿರಲಿ.

ನಮಗೆ ಹನ್ನೊಂದನೆಯ ದಿನ ಹಣ ವಾಪಸ್ ಬಂತು. ಗುರುತಿಸದ ಭಾಗದ ಬಗ್ಗೆ ಕೇಳಿದ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ. ಅದನ್ನೇ ಕೇಳಿ ಮೂರನೆಯ ಪತ್ರ ಹಾಕಿದ್ದೇವೆ. ಅರ್ಜಿಗೆ ಅವಳು ಹಳದಿ ಚೂಡಿದಾರದ ಫೋಟೊವನ್ನೇ ಅಂಟಿಸಿದಳು.